ಆರ್ಮ್ ಸಿಲಿಂಡರ್: 63, 80, 100ರಲ್ಲಿ ಯಾವ ಬೋರ್, ಅದಕ್ಕೆ ಎಷ್ಟು ಎಲ್‌ಪಿಎಂ ಪಂಪ್?

ಟ್ರ್ಯಾಕ್ಟರ್ ಹಿಂದೆ ಕೂರಿಸುವ ಸಣ್ಣ ಅಗೆಯುವ ಯಂತ್ರ ಕಟ್ಟುವವರು ಈಗ ನಮ್ಮ ಕಡೆ ಜಾಸ್ತಿ ಆಗಿದ್ದಾರೆ. ಡ್ರಿಪ್ ಪೈಪಿಗೆ ಚರಂಡಿ ತೋಡಬೇಕು, ಕೃಷಿ ಹೊಂಡದ ಹೂಳು ತೆಗೆಯಬೇಕು, ಮಾವಿನ ತೋಟಕ್ಕೆ ಗುಂಡಿ ಹೊಡೆಯಬೇಕು. ಇಷ್ಟಕ್ಕೆಲ್ಲ ಜೆಸಿಬಿ ಕರೆಸಿದರೆ ಬಾಡಿಗೆ ಕಟ್ಟಿ ಮುಗಿಯುವುದಿಲ್ಲ. ಚಿಂತಾಮಣಿ, ಶಿರಾ, ಮಾಲೂರು ಕಡೆಯ ವೆಲ್ಡಿಂಗ್ ಶಾಪಿನವರು ತುಮಕೂರಿನ ನಮ್ಮ ವರ್ಕ್‌ಶಾಪಿಗೆ ಫೋನ್ ಮಾಡಿದಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಣ್ಣಾ, ಆರ್ಮ್‌ಗೆ 80 ಬೋರ್ ಹಾಕ್ಲಾ, 100 ಹಾಕ್ಲಾ? ಪಂಪ್ ಎಷ್ಟರದ್ದು ತಗೊಳ್ಳಿ?"

ಇವನ್ನು ಎರಡು ಪ್ರಶ್ನೆ ಎಂದು ಬೇರೆ ಬೇರೆ ಕೇಳುವುದರಲ್ಲೇ ತಪ್ಪು ಶುರುವಾಗುತ್ತದೆ. ಬೋರ್, ಅಂದರೆ ಮಿ.ಮೀ. ಲೆಕ್ಕದ ಸಿಲಿಂಡರಿನ ಒಳವ್ಯಾಸ, ದೊಡ್ಡದು ಮಾಡಿದರೆ ಬಲ ಸಿಗುತ್ತದೆ, ಆದರೆ ಅದೇ ಪಂಪಿನಲ್ಲಿ ವೇಗ ಹೋಗುತ್ತದೆ. ವೇಗ ವಾಪಸ್ ಬೇಕು ಅಂದರೆ ಪಂಪ್ ದೊಡ್ಡದಾಗಬೇಕು. ಪಂಪ್ ದೊಡ್ಡದಾದರೆ ಎಂಜಿನ್ನಿನ ಮೇಲೆ ಹೊರೆ ಬೀಳುತ್ತದೆ. ಹಾಗಾಗಿ ಬೋರ್ ಮತ್ತು ಪಂಪ್ ಎರಡನ್ನೂ ಒಟ್ಟಿಗೇ ಆರಿಸಬೇಕು.

ಅಂಗಡಿಗೆ ಹೋಗುವ ಮೊದಲು ನಾಲ್ಕು ವಿಷಯ ಕಾಗದದ ಮೇಲೆ ಇರಬೇಕು. ಬಕೆಟ್ಟಿನ ಹಲ್ಲಿನ ತುದಿಯಲ್ಲಿ ಎಷ್ಟು ಬಲ ಬೇಕು? ಆರ್ಮ್ ಪೂರ್ತಿ ಚಾಚಿದ ಜಾಗದಿಂದ ಪೂರ್ತಿ ಒಳಗೆ ಬರಲು ಎಷ್ಟು ಸೆಕೆಂಡ್? ಟ್ರ್ಯಾಕ್ಟರಿನ ಪಿಟಿಒ, ಅಂದರೆ ಹಿಂಬದಿಯ ತಿರುಗುವ ಶಾಫ್ಟ್, ಎಷ್ಟು ಎಚ್‌ಪಿ ಕೊಡುತ್ತದೆ? ಇನ್ನು ನಾಲ್ಕನೆಯದು, ಎಣ್ಣೆ ಹೋಗಿ ಬರುವ ದಾರಿ, ಅಂದರೆ ವಾಲ್ವ್, ಹೋಸ್, ಫಿಲ್ಟರ್, ಅಷ್ಟು ಎಣ್ಣೆಯನ್ನು ಸಲೀಸಾಗಿ ಬಿಡುತ್ತದೆಯೇ? ಮೊದಲ ಮೂರನ್ನು ಎಲ್ಲರೂ ಒಂದಲ್ಲ ಒಂದು ರೀತಿ ಯೋಚಿಸುತ್ತಾರೆ. ನಾಲ್ಕನೆಯದನ್ನು ಮರೆಯುತ್ತಾರೆ. ದುಡ್ಡು ನೀರಾಗುವುದು ಅಲ್ಲೇ.

ಒಂದು ನಿಜವಾದ ಅಳತೆ ಇಟ್ಟುಕೊಂಡೇ ಹೋಲಿಸೋಣ. ಆರ್ಮ್ ಪಿನ್ನಿನಿಂದ ಬಕೆಟ್ ಹಲ್ಲಿನ ತುದಿಗೆ 180 ಸೆಂ.ಮೀ. ಆರ್ಮ್ ಹಿಂಭಾಗದಲ್ಲಿ ಸಿಲಿಂಡರ್ ಕೂರುವ ಕಣ್ಣು ಅದೇ ಪಿನ್ನಿನಿಂದ 30 ಸೆಂ.ಮೀ. ಆರ್ಮ್ ಸುಮಾರು 110 ಡಿಗ್ರಿ ತಿರುಗಬೇಕು. ಅದಕ್ಕೆ ಸಿಲಿಂಡರಿನ ಸ್ಟ್ರೋಕ್ ಸುಮಾರು 50 ಸೆಂ.ಮೀ. ಬೇಕಾಗುತ್ತದೆ. ಸಿಲಿಂಡರ್ ಬೂಮ್ ಮೇಲೆ ಕೂತಿರುತ್ತದೆ, ರಾಡ್ ಹೊರಗೆ ಚಾಚಿದಾಗ ಬಕೆಟ್ ನಮ್ಮ ಕಡೆಗೆ ಎಳೆದುಕೊಂಡು ಅಗೆಯುತ್ತದೆ. ಅಂದರೆ ಅಗೆಯುವ ಕೆಲಸ ಪೂರ್ತಿ ಬೋರ್ ಇರುವ ಕಡೆಯಿಂದ, ವಾಪಸ್ ಹೋಗುವ ಹಗುರ ಕೆಲಸ ರಾಡ್ ಇರುವ ಕಡೆಯಿಂದ.

ಬಲದ ಲೆಕ್ಕ ಹೀಗೆ. ಕೋಲಾರ ಕಡೆಯ ಗರಸು ಬೆರೆತ ಕೆಂಪು ಮಣ್ಣಿನಲ್ಲಿ ಒಂದೂವರೆ ಅಡಿ ಅಗಲದ ಬಕೆಟ್ಟಿಗೆ ಹಲ್ಲಿನ ತುದಿಯಲ್ಲಿ 1000 ಕೆ.ಜಿ. ಎಳೆತ ಇದ್ದರೆ ಕೆಲಸ ಸಾಗುತ್ತದೆ ಎಂದು ಇಟ್ಟುಕೊಳ್ಳುತ್ತೇನೆ. ಕಣ್ಣು 30 ಸೆಂ.ಮೀ. ದೂರ ಇದ್ದರೂ ಆ ದೂರ ಪೂರ್ತಿ ಸಿಗುವುದು ಸಿಲಿಂಡರ್ ಲಂಬವಾಗಿ ಒತ್ತುವ ಒಂದು ಕ್ಷಣ ಮಾತ್ರ. ಆರ್ಮ್ ತಿರುಗಿದಂತೆ ಅದು ಕಮ್ಮಿಯಾಗುತ್ತದೆ. ಎರಡು ತುದಿಗಳಲ್ಲಿ 17 ಸೆಂ.ಮೀ.ವರೆಗೂ ಇಳಿಯುತ್ತದೆ. ಅಗೆಯುವುದು ನಡುವಿನ ಜಾಗದಲ್ಲಿ ತಾನೇ? ಅದಕ್ಕೆ 25 ಸೆಂ.ಮೀ. ಹಿಡಿಯುತ್ತೇನೆ. 180ನ್ನು 25ರಿಂದ ಭಾಗಿಸಿದರೆ 7.2. ಅಂದರೆ ಹಲ್ಲಿನಲ್ಲಿ 1000 ಕೆ.ಜಿ. ಬೇಕಿದ್ದರೆ ಸಿಲಿಂಡರ್ 7200 ಕೆ.ಜಿ. ಒತ್ತಬೇಕು. ಪಿನ್ನಿನ ಉಜ್ಜಾಟ, ವಾಪಸ್ ಎಣ್ಣೆಯ ಒತ್ತಡ ಎಲ್ಲ ಸೇರಿ ಹತ್ತು ಪರ್ಸೆಂಟ್ ಹೋದರೆ 8000. ಎಂಟು ಟನ್ ನಮ್ಮ ಗುರಿ.

ವೇಗಕ್ಕೆ 3 ಸೆಕೆಂಡ್ ಇಟ್ಟುಕೊಳ್ಳೋಣ. ಈ ಗಾತ್ರದ ಯಂತ್ರಕ್ಕೆ ಅದು ಹಿತವಾದ ವೇಗ. ಐದು ಸೆಕೆಂಡ್ ದಾಟಿದರೆ ಕೂತವನಿಗೆ ಬೇಸರ ಬರುತ್ತದೆ. ಎರಡಕ್ಕಿಂತ ಕಮ್ಮಿಯಾದರೆ ಹೊಸಬರ ಕೈಗೆ ಹಿಡಿತ ಸಿಗುವುದಿಲ್ಲ, ಬಕೆಟ್ ಹೋಗಿ ಬೂಮಿಗೆ ಬಡಿಯುತ್ತದೆ.

ಎಷ್ಟು ಎಣ್ಣೆ ಬೇಕು ಎನ್ನುವುದಕ್ಕೆ ಒಂದೇ ಸೂತ್ರ ಸಾಕು.

```
Q = A × L × 60 / (1000 × t)
```

Q ಅಂದರೆ ನಿಮಿಷಕ್ಕೆ ಎಷ್ಟು ಲೀಟರ್, ಅದೇ ಎಲ್‌ಪಿಎಂ. A ಬೋರಿನ ವಿಸ್ತೀರ್ಣ, ಚದರ ಸೆಂ.ಮೀ.ನಲ್ಲಿ. L ಸ್ಟ್ರೋಕ್, ಸೆಂ.ಮೀ.ನಲ್ಲಿ. t ಸೆಕೆಂಡ್. ಬಲಕ್ಕೆ ಇನ್ನೂ ಸುಲಭ: ವಿಸ್ತೀರ್ಣವನ್ನು ಬಾರ್ ಲೆಕ್ಕದ ಒತ್ತಡದಿಂದ ಗುಣಿಸಿದರೆ ಹತ್ತಿರ ಹತ್ತಿರ ಕೆ.ಜಿ. ಬಂದುಬಿಡುತ್ತದೆ.

ಈಗ ಒಂದೊಂದೇ ಬೋರ್ ನೋಡೋಣ. ಗೇರ್ ಪಂಪು, ಒತ್ತಡ ಮಿತಿ ಮೀರದ ಹಾಗೆ ಎಣ್ಣೆ ಬಿಟ್ಟುಕೊಡುವ ರಿಲೀಫ್ ವಾಲ್ವ್ 175 ಬಾರಿಗೆ ಇಟ್ಟಿದ್ದೀವಿ ಎಂದುಕೊಳ್ಳಿ.

63 ಬೋರ್. ವಿಸ್ತೀರ್ಣ 31 ಚದರ ಸೆಂ.ಮೀ. ಬಲ ಸುಮಾರು ಐದೂವರೆ ಟನ್. ಹಲ್ಲಿನ ತುದಿಯಲ್ಲಿ 690 ಕೆ.ಜಿ. ಮಾತ್ರ ಸಿಗುತ್ತದೆ. ಮೂರು ಸೆಕೆಂಡಿಗೆ ಬೇಕಾದ ಹರಿವು 31 ಎಲ್‌ಪಿಎಂ, ಪಂಪು ತಿರುಗಿಸಲು 14 ಎಚ್‌ಪಿ ಸಾಕು. ಚಿಕ್ಕ ಟ್ರ್ಯಾಕ್ಟರ್ ಇರುವವರಿಗೆ, ಕೆರೆ ಮಣ್ಣು, ಮರಳು ಮಿಶ್ರಿತ ತೋಟದ ಮಣ್ಣು, ಹೂಳು ಇಂಥದ್ದಕ್ಕೆ ಇದು ನಿಜವಾಗಿಯೂ ಒಳ್ಳೆಯ ಆಯ್ಕೆ. ಡ್ರಿಪ್ ಚರಂಡಿಗೆ ಒಂಬತ್ತು ಇಂಚಿನ ಬಕೆಟ್ ಸಾಕು ಎನ್ನುವವರಿಗೂ ಸರಿ. ಬಕೆಟ್ ಕಿರಿದಾದರೆ ಬಲ ಕಮ್ಮಿ ಸಾಕಾಗುತ್ತದೆ. ಬೇಸಿಗೆಯಲ್ಲಿ ಒಣಗಿ ಕಲ್ಲಾದ ಗರಸಿಗೆ ಮಾತ್ರ ಇದು ಆಗುವುದಿಲ್ಲ. ಆರ್ಮ್ ಅರ್ಧದಲ್ಲಿ ನಿಂತುಬಿಡುತ್ತದೆ, ರಿಲೀಫ್ ವಾಲ್ವ್ ಕಿರುಗುಟ್ಟುತ್ತದೆ.

80 ಬೋರ್. ವಿಸ್ತೀರ್ಣ 50, ಬಲ ಸುಮಾರು ಒಂಬತ್ತು ಟನ್. ಹಲ್ಲಿನಲ್ಲಿ 1100 ಕೆ.ಜಿ. ದಾಟುತ್ತದೆ. ಒಂದು ಸ್ಟ್ರೋಕಿಗೆ ಎರಡೂವರೆ ಲೀಟರ್ ಎಣ್ಣೆ, ಮೂರು ಸೆಕೆಂಡಿಗೆ 50 ಎಲ್‌ಪಿಎಂ. ಪಂಪಿನ ನಷ್ಟ ಸೇರಿಸಿ 23 ಎಚ್‌ಪಿ. 35 ಎಚ್‌ಪಿ ಟ್ರ್ಯಾಕ್ಟರಿನ ಪಿಟಿಒ ಇದನ್ನು ಆರಾಮಾಗಿ ತಡೆಯುತ್ತದೆ.

100 ಬೋರ್. ವಿಸ್ತೀರ್ಣ 78.5, ಬಲ ಹದಿನಾಲ್ಕು ಟನ್, ಹಲ್ಲಿನಲ್ಲಿ 1750 ಕೆ.ಜಿ. ಕೇಳಲು ಚೆನ್ನಾಗಿದೆ. ಆದರೆ ಮೂರು ಸೆಕೆಂಡಿಗೆ 78 ಎಲ್‌ಪಿಎಂ ಬೇಕು, 36 ಎಚ್‌ಪಿ ಬೇಕು. 45 ಎಚ್‌ಪಿ ಟ್ರ್ಯಾಕ್ಟರಿನ ಪಿಟಿಒ ಕೊಡುವುದೇ ಹೆಚ್ಚುಕಡಿಮೆ ಅಷ್ಟು. ಭಾರ ಬಿದ್ದ ತಕ್ಷಣ ಕಪ್ಪು ಹೊಗೆ ಬಂದು ಎಂಜಿನ್ ಕುಗ್ಗುತ್ತದೆ. 50 ಎಲ್‌ಪಿಎಂ ಪಂಪನ್ನೇ ಇಟ್ಟುಕೊಂಡರೆ 4.7 ಸೆಕೆಂಡ್ ಹಿಡಿಯುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಇಂಥ ಟ್ರ್ಯಾಕ್ಟರಿನ ತೂಕ ಎರಡು ಟನ್ ಆಸುಪಾಸು. ಹಲ್ಲು ನೆಲ ಕಚ್ಚಿ 1750 ಕೆ.ಜಿ. ಎಳೆದರೆ ಮಣ್ಣು ಬರುವ ಬದಲು ಟ್ರ್ಯಾಕ್ಟರೇ ಹಿಂದಕ್ಕೆ ಜಾರುತ್ತದೆ. ಜಾರದ ಹಾಗೆ ಕಾಲು ಊರಿಸಿದರೆ ಆ ಬಲ ಬೂಮಿನ ವೆಲ್ಡಿಂಗ್ ಮೇಲೆ, ಪಿನ್ ಬುಷ್ ಮೇಲೆ ಹೋಗುತ್ತದೆ. ಬಳಸಲಾಗದ ಬಲಕ್ಕೆ ದುಡ್ಡು ಯಾಕೆ ಕೊಡಬೇಕು? ತೂಕದ ಯಂತ್ರ, 55 ಎಚ್‌ಪಿ ಮೇಲಿನ ಎಂಜಿನ್, ದಪ್ಪ ಪ್ಲೇಟಿನ ಬೂಮ್ ಇದ್ದವರಿಗೆ ಮಾತ್ರ ನಾನು 100 ಹೇಳುವುದು.

63 ಬೋರ್, ಆದರೆ 250 ಬಾರ್. ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಒತ್ತಡ ಏರಿಸಿದರೆ ಅದೇ 63 ಬೋರ್ ಎಂಟು ಟನ್ ಹತ್ತಿರ ಕೊಡುತ್ತದೆ. ಎಣ್ಣೆ 31 ಎಲ್‌ಪಿಎಂ ಸಾಕು. ಹೋಸ್ ಸಣ್ಣದು, ವಾಲ್ವ್ ಸಣ್ಣದು, ಟ್ಯಾಂಕ್ ಸಣ್ಣದು. ದೊಡ್ಡ ಹಿಟಾಚಿಗಳು 300 ಬಾರ್ ದಾಟಿ ಓಡುವುದು ಇದೇ ಕಾರಣಕ್ಕೆ. ಎಚ್‌ಪಿ ಮಾತ್ರ ಉಳಿಯುತ್ತದೆ ಎಂದುಕೊಳ್ಳಬೇಡಿ. ಅಷ್ಟೇ ಬಲ, ಅಷ್ಟೇ ವೇಗ ಬೇಕು ಅಂದರೆ ಎಂಜಿನ್ ಕೊಡಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ.

ಇದರಲ್ಲಿ ಎರಡು ಎಚ್ಚರಿಕೆ ಇವೆ. ಪಂಪು, ವಾಲ್ವ್, ಸೀಲ್ ಎಲ್ಲ 250 ಬಾರ್ ನಿರಂತರ ತಡೆಯುವಂಥದ್ದಾಗಿರಬೇಕು. ಸುಮ್ನೆ ರಿಲೀಫ್ ವಾಲ್ವ್ ಬಿಗಿದು ಒತ್ತಡ ಏರಿಸುವುದು ಅಪಾಯ. ಎರಡನೆಯದು ರಾಡ್. 63 ಬೋರಿಗೆ ಅಂಗಡಿಯಲ್ಲಿ ಸಿಗುವ 36 ಮಿ.ಮೀ. ರಾಡ್ ಹಾಕಿ, ಪಿನ್ನಿಂದ ಪಿನ್ನಿಗೆ 130 ಸೆಂ.ಮೀ. ಚಾಚಿದರೆ, ಅಷ್ಟೂ ಉದ್ದ ರಾಡೇ ಎಂದು ಲೆಕ್ಕ ಹಾಕಿದಾಗ ಅದು ಬಾಗುವ ಮಟ್ಟ ಸುಮಾರು ಹತ್ತು ಟನ್. ಎಂಟು ಟನ್ ಒತ್ತುವ ಜಾಗದಲ್ಲಿ ಹತ್ತಕ್ಕೆ ಬಾಗುವ ರಾಡ್ ಇಟ್ಟುಕೊಂಡು ನಿದ್ದೆ ಬರುವುದಿಲ್ಲ. 45 ಮಿ.ಮೀ. ರಾಡ್ ಹಾಕಿದರೆ ಅದೇ ಲೆಕ್ಕಕ್ಕೆ 24 ಟನ್ ಮೇಲೆ ಹೋಗುತ್ತದೆ. ಮೊದಲ ಸಲ ಯಂತ್ರ ಕಟ್ಟುವವರಿಗೆ ನಾನು ಈ ದಾರಿ ಹೇಳುವುದಿಲ್ಲ. ಹಳ್ಳಿಯಲ್ಲಿ ಹೋಸ್ ಒಡೆದಾಗ 250 ಬಾರಿನದ್ದು ಅದೇ ದಿನ ಸಿಗದೆ ಕಮ್ಮಿ ದರ್ಜೆಯದ್ದು ಹಾಕಿಬಿಡುತ್ತಾರೆ. ಹತ್ತಿರದಲ್ಲಿ ಒಳ್ಳೆಯ ಹೋಸ್ ಅಂಗಡಿ, ಸೀಲ್ ಕಿಟ್ ಸಿಗುವ ಜಾಗ ಇದ್ದರೆ ಆಗ ನೋಡಬಹುದು.

ಪಂಪಿನ ವಿಷಯಕ್ಕೆ ಬರೋಣ. ಪಂಪಿನ ಮೇಲೆ 50 ಎಲ್‌ಪಿಎಂ ಎಂದು ಬರೆದಿರುವುದಿಲ್ಲ, ಒಂದು ಸುತ್ತಿಗೆ ಎಷ್ಟು ಸಿಸಿ ಎಂದಿರುತ್ತದೆ. ಎಲ್‌ಪಿಎಂ ಬರುವುದು ನೀವು ಅದನ್ನು ಎಷ್ಟು ಆರ್‌ಪಿಎಂನಲ್ಲಿ ತಿರುಗಿಸುತ್ತೀರಿ ಎನ್ನುವುದರ ಮೇಲೆ. ಪಿಟಿಒ 540 ಆರ್‌ಪಿಎಂ. ನೇರ ಕೂರಿಸಿದರೆ 50 ಎಲ್‌ಪಿಎಂಗೆ ಸುಮಾರು 100 ಸಿಸಿ ಪಂಪ್ ಬೇಕು, ಅದು ಭಾರ, ಬೆಲೆಯೂ ಹೆಚ್ಚು. ಒಂದಕ್ಕೆ ಮೂರು ಏರಿಸುವ ಗೇರ್‌ಬಾಕ್ಸ್ ಹಾಕಿದರೆ ಪಂಪು 1620ರಲ್ಲಿ ತಿರುಗುತ್ತದೆ, 33 ಸಿಸಿ ಸಾಕು. ಹೆಚ್ಚಿನವರಿಗೆ ಗೇರ್‌ಬಾಕ್ಸ್ ದಾರಿಯೇ ಅಗ್ಗ. ಟ್ರ್ಯಾಕ್ಟರಿನ ಸ್ವಂತ ಹೈಡ್ರಾಲಿಕ್ಕಿನಿಂದಲೇ ಎಣ್ಣೆ ತಗೊಂಡರೆ ಆಗಲ್ವಾ ಎಂದೂ ಕೇಳುತ್ತಾರೆ. ಅದು 20 ಎಲ್‌ಪಿಎಂ ಕೊಡುತ್ತದೆ ಎಂದುಕೊಂಡರೆ 80 ಬೋರಿನ ಆರ್ಮ್ ಒಳಗೆ ಬರಲು ಏಳೂವರೆ ಸೆಕೆಂಡ್. ಮನೆ ತೋಟಕ್ಕೆ ವರ್ಷಕ್ಕೆ ನಾಲ್ಕು ದಿನ ಓಡಿಸುವವರಿಗೆ ಅದೂ ನಡೆಯುತ್ತದೆ. ಬಾಡಿಗೆಗೆ ಬಿಡುವವರಿಗೆ ನಡೆಯುವುದಿಲ್ಲ.

ಇನ್ನೊಂದು ಮಾತು. ಡೀಸೆಲ್ ಉಳಿಸಲು ಚಾಲಕ ಆಕ್ಸಿಲರೇಟರ್ ಇಳಿಸಿ ಪಿಟಿಒ 400ರಲ್ಲಿ ಓಡಿಸುತ್ತಾನೆ. ಆಗ ಅದೇ 33 ಸಿಸಿ ಪಂಪು 37 ಎಲ್‌ಪಿಎಂ ಕೊಡುತ್ತದೆ, ಆರ್ಮ್ ನಾಲ್ಕು ಸೆಕೆಂಡ್ ತೆಗೆದುಕೊಳ್ಳುತ್ತದೆ. ನೀವು ಯಾವ ಆರ್‌ಪಿಎಂನಲ್ಲಿ ಓಡಿಸುತ್ತೀರಿ ಎನ್ನುವುದನ್ನು ಮೊದಲೇ ನಿರ್ಧರಿಸಿ ಪಂಪು ಆರಿಸಿ. 540ರಲ್ಲೇ ಓಡಿಸುತ್ತೇನೆ ಎಂದು ಹೇಳಿ ತಗೊಂಡು ಹೋಗಿ ಆಮೇಲೆ ನಿಧಾನ ಎನ್ನಬಾರದು.

ಈಗ ಆ ನಾಲ್ಕನೇ ವಿಷಯ, ಎಣ್ಣೆಯ ದಾರಿ. 80 ಬೋರ್, 45 ರಾಡ್ ಇರುವ ಸಿಲಿಂಡರನ್ನು ಒಳಗೆ ಎಳೆಯುವಾಗ ಪಂಪು ರಾಡ್ ಕಡೆಗೆ 50 ಎಲ್‌ಪಿಎಂ ಕಳಿಸುತ್ತದೆ. ರಾಡ್ ಜಾಗ ತಿಂದಿರುವುದರಿಂದ ಆ ಕಡೆ ವಿಸ್ತೀರ್ಣ 34 ಮಾತ್ರ. ಬೋರ್ ಕಡೆ 50. ಹಾಗಾಗಿ ಹೊರಗೆ ಬರುವ ಎಣ್ಣೆ 50 ಅಲ್ಲ, 73 ಎಲ್‌ಪಿಎಂ! ಪಂಪು ಕೊಡುವುದಕ್ಕಿಂತ ಜಾಸ್ತಿ ಎಣ್ಣೆ ವಾಪಸ್ ಬರುತ್ತದೆ. 50 ಎಲ್‌ಪಿಎಂ ಪಂಪಿಗೆ 50 ಎಲ್‌ಪಿಎಂ ವಾಲ್ವ್, 50 ಎಲ್‌ಪಿಎಂ ರಿಟರ್ನ್ ಫಿಲ್ಟರ್ ಎಂದು ತಂದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಆರ್ಮ್ ವಾಪಸ್ ಹೋಗುವಾಗ ಎಣ್ಣೆ ಹಿಂಡಿಕೊಂಡು ಹೋಗುತ್ತದೆ, ಒಂದು ಗಂಟೆಯಲ್ಲಿ ಟ್ಯಾಂಕ್ ಮುಟ್ಟಲಾಗದಷ್ಟು ಬಿಸಿ. 63 ಬೋರಿಗೆ 45 ರಾಡ್ ಹಾಕಿದವರಿಗಂತೂ ಪಂಪಿನ ಎರಡರಷ್ಟು ಎಣ್ಣೆ ವಾಪಸ್ ಬರುತ್ತದೆ. ದಪ್ಪ ರಾಡ್ ಹಾಕಿದಾಗ ಆರ್ಮ್ ಬೇಗ ವಾಪಸ್ ಹೋಗುತ್ತದೆ ಎನ್ನುವುದು ಲಾಭ, ರಿಟರ್ನ್ ಲೈನ್ ದೊಡ್ಡದಾಗಬೇಕು ಎನ್ನುವುದು ಅದರ ಖರ್ಚು.

ಹೋಸಿನ ಅಳತೆಗೆ ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು. ಪ್ರೆಶರ್ ಲೈನಿನಲ್ಲಿ ಎಣ್ಣೆ ಸೆಕೆಂಡಿಗೆ 5 ಮೀಟರ್ ದಾಟಬಾರದು, ರಿಟರ್ನಿನಲ್ಲಿ 3, ಸಕ್ಷನ್ನಿನಲ್ಲಿ ಸುಮಾರು 1. 50 ಎಲ್‌ಪಿಎಂಗೆ ಅರ್ಧ ಇಂಚಿನ ಹೋಸ್ ಹಾಕಿದರೆ ವೇಗ 6.6 ಆಗುತ್ತದೆ, 5/8 ಇಂಚು ಬೇಕು. ಸಕ್ಷನ್ ಒಂದೂಕಾಲು ಇಂಚು. ರಿಟರ್ನಿಗೆ ಆ 73 ಎಲ್‌ಪಿಎಂ ಲೆಕ್ಕ ಹಿಡಿದು ಒಂದು ಇಂಚು. ಸಕ್ಷನ್ ಸಣ್ಣದಾದರೆ ಪಂಪು ಜಲ್ಲಿ ಜರಡಿ ಹಿಡಿದಂಥ ಸದ್ದು ಮಾಡುತ್ತದೆ. ಆ ಸದ್ದು ಕೇಳಿದರೆ ಯಂತ್ರ ನಿಲ್ಲಿಸಿ, ಇಲ್ಲದಿದ್ದರೆ ಹೊಸ ಪಂಪು ತಿಂಗಳೊಪ್ಪತ್ತಿನಲ್ಲಿ ಸವೆದುಹೋಗುತ್ತದೆ.

ಪಂಪಿನ ಹರಿವಿಗೂ ಆರ್ಮ್ ತೂಕಕ್ಕೂ ಇನ್ನೊಂದು ಸಂಬಂಧ ಇದೆ, ಇದನ್ನು ಕಣ್ಣಲ್ಲೇ ನೋಡಬಹುದು. ಆರ್ಮ್ ಪೂರ್ತಿ ಚಾಚಿ, ಬಕೆಟ್ ಗಾಳಿಯಲ್ಲಿಟ್ಟು, ಲಿವರ್ ಎಳೆಯಿರಿ. ಆರ್ಮ್ ತನ್ನ ತೂಕಕ್ಕೆ ತಾನೇ ರಪ್ಪನೆ ಕೆಳಗೆ ಬೀಳುತ್ತದೆ. ನೇರ ತೂಗುವ ಜಾಗಕ್ಕೆ ಬಂದ ಮೇಲೆ ಅರ್ಧ ಸೆಕೆಂಡ್ ಹಾಗೇ ನಿಲ್ಲುತ್ತದೆ. ಆಮೇಲೆ ಮತ್ತೆ ಒಳಗೆ ಬರಲು ಶುರು ಮಾಡುತ್ತದೆ. ಆ ನಿಲುಗಡೆ ಯಾಕೆ? ಬೀಳುವಾಗ ಸಿಲಿಂಡರ್ ಎಷ್ಟು ಬೇಗ ಚಾಚಿತೋ ಅಷ್ಟು ಎಣ್ಣೆ ಪಂಪಿನಿಂದ ಬರಲಿಲ್ಲ. ಬೋರ್ ಕಡೆ ಖಾಲಿ ಜಾಗ ಉಳಿಯಿತು. ಅದು ತುಂಬುವವರೆಗೆ ಆರ್ಮ್ ಕಾಯುತ್ತದೆ. ಬೋರ್ ದೊಡ್ಡದಾಗಿ ಪಂಪು ಸಣ್ಣದಾದಷ್ಟೂ ಈ ನಿಲುಗಡೆ ಉದ್ದ. 100 ಬೋರಿಗೆ 50 ಎಲ್‌ಪಿಎಂ ಕೊಟ್ಟವರಲ್ಲಿ ಇದು ಎದ್ದು ಕಾಣುತ್ತದೆ. ದೊಡ್ಡ ಪಂಪು ತರುವ ಮೊದಲು ರಾಡ್ ಕಡೆಯ ಪೋರ್ಟಿನಲ್ಲಿ ಒಂದು ಕಡೆಗೆ ಮಾತ್ರ ತಡೆಯುವ ರಿಸ್ಟ್ರಿಕ್ಟರ್ ಹಾಕಿ ನೋಡಿ. ಅದು ಹೊರಗೆ ಹೋಗುವ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ, ಆರ್ಮ್ ಪಂಪಿನ ವೇಗದಲ್ಲೇ ಇಳಿಯುತ್ತದೆ. ರಂಧ್ರ ತೀರಾ ಸಣ್ಣದು ಮಾಡಿದರೆ ಮಾತ್ರ ಅಗೆಯುವ ಬಲವೂ ಕಮ್ಮಿಯಾಗಿ ಎಣ್ಣೆ ಬಿಸಿಯಾಗುತ್ತದೆ. ಸ್ವಲ್ಪ ಸ್ವಲ್ಪ ಹಿಗ್ಗಿಸಿ ನೋಡಬೇಕು.

ಬೋರ್ ಬದಲಿಸಬೇಕು ಎಂದು ಬರುವವರಿಗೆ ನಾನು ಮೊದಲು ಗೇಜ್ ಹಾಕಿಸುವುದಕ್ಕೆ ಒಂದು ಕಾರಣ ಇದೆ. ಗೌರಿಬಿದನೂರು ಕಡೆಯ ಒಬ್ಬರ ಯಂತ್ರ 80 ಬೋರ್ ಇದ್ದೂ ಗರಸಿನಲ್ಲಿ ಎಳೆಯುತ್ತಿರಲಿಲ್ಲ. ಬಲ ಸಾಲದು ಎಂದರು. ನಾನೂ ನಂಬಿ 100 ಬೋರ್ ಮಾಡಿಕೊಟ್ಟೆ. ಬಲ ಬಂತು. ವಾರದಲ್ಲೇ ವಾಪಸ್ ಬಂದರು, ಈಗ ಆರ್ಮ್ ತೆವಳುತ್ತದೆ ಎಂದು. ಆಗ ವಾಲ್ವಿನ ಟೆಸ್ಟ್ ಪೋರ್ಟಿಗೆ ಗೇಜ್ ಹಾಕಿ, ಸಿಲಿಂಡರ್ ಪೂರ್ತಿ ಚಾಚಿ ಲಿವರ್ ಹಿಡಿದೆ. ಮುಳ್ಳು 175ಕ್ಕೆ ಹೋಗಬೇಕಿತ್ತು. 120ಕ್ಕೆ ಬಂದು ನಡುಗುತ್ತಾ ಅಲ್ಲೇ ನಿಂತಿತು. ರಿಲೀಫ್ ವಾಲ್ವಿನ ಸ್ಪ್ರಿಂಗ್ ಸೋತಿತ್ತು. 120 ಬಾರಿನಲ್ಲಿ 80 ಬೋರ್ ಹಲ್ಲಿನ ತುದಿಗೆ 770 ಕೆ.ಜಿ. ಮಾತ್ರ ಕೊಡುತ್ತದೆ. ಗರಸಿನಲ್ಲಿ ನಿಂತಿದ್ದು ಅದಕ್ಕೇ. ಒಂದು ಸ್ಪ್ರಿಂಗಿನಲ್ಲಿ ಮುಗಿಯುವ ಕೆಲಸಕ್ಕೆ ಆ ರೈತರು ಒಂದು ಸಿಲಿಂಡರಿನ ದುಡ್ಡು ಕಳೆದುಕೊಂಡರು. ಅದು ನನ್ನ ಮನಸ್ಸಿನಲ್ಲಿ ಇವತ್ತಿಗೂ ಉಳಿದಿದೆ. ಹಳೆಯ ಸಿಲಿಂಡರನ್ನೇ ಮತ್ತೆ ಕೂರಿಸಿ, ಮಜೂರಿ ತೆಗೆದುಕೊಳ್ಳದೆ ಕಳಿಸಿದೆ.

ಆಮೇಲಿಂದ ನನ್ನ ಕ್ರಮ ಇದು. ಆರ್ಮ್ ಖಾಲಿ ಬಕೆಟ್ಟಿನಲ್ಲೇ ನಿಧಾನವಾಗಿದ್ದರೆ ಹರಿವಿನ ತೊಂದರೆ: ಪಂಪು ಸವೆದಿದೆ, ಆರ್‌ಪಿಎಂ ಕಮ್ಮಿ, ಇಲ್ಲವೇ ಬೋರ್ ದೊಡ್ಡದಾಯಿತು. ಖಾಲಿ ಇದ್ದಾಗ ಚುರುಕಾಗಿದ್ದು ಮಣ್ಣು ಕಚ್ಚಿದಾಗ ನಿಂತರೆ ಒತ್ತಡದ ತೊಂದರೆ, ಅಥವಾ ಬೋರ್ ಸಾಲದು. ಗೇಜ್ 175 ತೋರಿಸಿ, ಅದರ ಮೇಲೂ ನಿಂತರೆ ಮಾತ್ರ ಬೋರಿನ ಮಾತು. ಖಾಲಿಯಾಗಿ ಚುರುಕು, ಭಾರಕ್ಕೆ ನಿಲ್ಲುವುದಿಲ್ಲ ಆದರೆ ನಿಧಾನವಾಗುತ್ತದೆ ಅಂದರೆ ಪಂಪು ಅಥವಾ ಪಿಸ್ಟನ್ ಸೀಲಿನಲ್ಲಿ ಒಳಸೋರಿಕೆ ಇರಬಹುದು. ಅದಕ್ಕೂ ಮುಂಚೆ ಭಾರ ಬಿದ್ದಾಗ ಎಂಜಿನ್ ಆರ್‌ಪಿಎಂ ಇಳಿಯುತ್ತಿಲ್ಲ ತಾನೇ ಎಂದು ನೋಡಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು? 25ರಿಂದ 30 ಎಚ್‌ಪಿ ಟ್ರ್ಯಾಕ್ಟರ್, ಮೆತ್ತನೆ ಮಣ್ಣು ಅಥವಾ ಕಿರಿದಾದ ಬಕೆಟ್, ಸ್ವಂತ ತೋಟದ ಕೆಲಸ: 63 ಬೋರ್, 30 ಎಲ್‌ಪಿಎಂ, 175 ಬಾರ್. ದುಡ್ಡೂ ಉಳಿಯುತ್ತದೆ, ಯಂತ್ರವೂ ಹಗುರ. 35ರಿಂದ 45 ಎಚ್‌ಪಿ, ಗರಸು ಮಣ್ಣು, ಬಾಡಿಗೆ ಓಡಾಟ: 80 ಬೋರ್, 45 ರಾಡ್, 33 ಸಿಸಿ ಪಂಪು, ಗೇರ್‌ಬಾಕ್ಸ್. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರಿಗೆ ಇದೇ ಸರಿ ಹೋಗುತ್ತದೆ. ಬಜೆಟ್ ಬಿಗಿ ಇದ್ದರೆ ಪಂಪು 25 ಸಿಸಿಗೆ ಇಳಿಸಿ, ಸಮಯ ನಾಲ್ಕು ಸೆಕೆಂಡ್ ಆಗುತ್ತದೆ, ಬಲ ಹಾಗೇ ಇರುತ್ತದೆ. ಆದರೆ ಹೋಸ್, ವಾಲ್ವ್, ಸಕ್ಷನ್ ಮಾತ್ರ 50ರ ಲೆಕ್ಕಕ್ಕೇ ಹಾಕಿಸಿ. ಮುಂದೆ ದುಡ್ಡು ಬಂದಾಗ ಪಂಪು ಒಂದನ್ನು ಬದಲಿಸಿದರೆ ಸಾಕು.

ಬೂಮ್ ಎತ್ತುತ್ತಾ ಆರ್ಮ್ ಎಳೆಯುವ ಕೆಲಸ ಜಾಸ್ತಿ ಇದ್ದರೆ ಈ ಮೂರು ಸೆಕೆಂಡ್ ಸಿಗುವುದಿಲ್ಲ ಎನ್ನುವುದು ನೆನಪಿರಲಿ. ಒಂದೇ ಪಂಪಿನ ಎಣ್ಣೆ ಹಂಚಿಹೋಗುತ್ತದೆ, ಭಾರ ಕಮ್ಮಿ ಇರುವ ಕಡೆಗೆ ಮೊದಲು ಓಡುತ್ತದೆ. ಅಂಥವರು ಒಂದೇ ದೊಡ್ಡ ಪಂಪಿನ ಬದಲು ಎರಡು ಭಾಗದ ಗೇರ್ ಪಂಪು ತಗೊಂಡು, ಒಂದು ಭಾಗವನ್ನು ಬೂಮಿಗೆ, ಇನ್ನೊಂದನ್ನು ಆರ್ಮ್ ಮತ್ತು ಬಕೆಟ್ಟಿಗೆ ಕೊಡುವುದು ವಾಸಿ. ಎರಡೂ ಒಟ್ಟಿಗೆ ಪೂರ್ತಿ ಒತ್ತಡಕ್ಕೆ ಹೋದಾಗ ಎಷ್ಟು ಎಚ್‌ಪಿ ಆಗುತ್ತದೆ ಎಂದು ಮಾತ್ರ ಕೂಡಿಸಿ ನೋಡಿ.

ಆರ್ಡರ್ ಕೊಡುವ ಮುಂಚೆ ನಿಮ್ಮ ಹತ್ತಿರ ಓಡುತ್ತಿರುವ ಯಾವುದಾದರೂ ಯಂತ್ರದ ಬಳಿ ಹೋಗಿ, ಫೋನಿನ ಸ್ಟಾಪ್‌ವಾಚ್ ಹಿಡಿದು ಆರ್ಮ್ ಸಮಯ ಮೂರು ಸಲ ಅಳೆಯಿರಿ, ಎಣ್ಣೆ ಬಿಸಿಯಾದ ಮೇಲೆ. ಪಿನ್ನಿಂದ ಹಲ್ಲಿಗೆ, ಪಿನ್ನಿಂದ ಸಿಲಿಂಡರ್ ಕಣ್ಣಿಗೆ ಟೇಪ್ ಹಿಡಿಯಿರಿ. ಆ ಮೂರು ಸಂಖ್ಯೆ, ನಿಮ್ಮ ಟ್ರ್ಯಾಕ್ಟರಿನ ಪಿಟಿಒ ಎಚ್‌ಪಿ, ಇಷ್ಟನ್ನು ತಂದರೆ ಯಾವ ಸಿಲಿಂಡರ್ ಅಂಗಡಿಯಲ್ಲೂ ಹತ್ತು ನಿಮಿಷದಲ್ಲಿ ಬೋರ್ ಮತ್ತು ಸಿಸಿ ತೀರ್ಮಾನ ಮಾಡಿಕೊಳ್ಳಬಹುದು.